ಜಿಂಕಿ ಛಾಪಿನ ಇಡೀ ಬಿಸ್ಕಿಟ್

ನನಗೆ ಮಸ್ಕಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಾಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕೇರಿಯಿಂದ ಸರ್ಕಾರಿ ಸಂಬಳಕ್ಕೆ ಹೋದ ಮೊದಲ ಹೆಣ್ಣುಮಗಳು ನಾನು. ಮೊದಲ ಸಂಬಳದಲ್ಲಿ ಅವ್ವನಿಗೊಂದು ಸೀರೆ ತಂದೆ. ಅವ್ವನ ತಾಯಿಗೆ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿಗೆ, ಏನು ತರಬೇಕೆಂದು ತಿಳಿಯದೆ ಅವಳನ್ನೇ ಕೇಳಿದೆ. ‘ನನಗೇನು ಬೇಕವ್ವ, ಬಿಡು’ ಅಂದಳು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಹೇಳಿದಳು:

‘ಜಿಂಕಿ ಬಿಸ್ಕಿಟ್ ಸಿಕ್ರ ಒಂದು ತಾ. ಇಡೀದು ಇರಬೇಕು. ಚೂರು ಬ್ಯಾಡ.’

ಜಿಂಕಿ ಬಿಸ್ಕಿಟಿನ ಕಥೆ ನಮ್ಮ ಮನೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ನಾವು ಹುಡುಗರಿದ್ದಾಗ ಆಯಿ ಅದನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ನಿಜಾಮರ ಆಳ್ವಿಕೆಯ ಕಾಲ. ಹೈದರಾಬಾದಿನ ಯಾವುದೋ ಕಾರ್ಖಾನೆಯ ಬಿಸ್ಕಿಟ್ ರಾಯಚೂರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮಸ್ಕಿಗೆ ಬರುತ್ತಿತ್ತು. ಚೌಕಾಕಾರದ ದೊಡ್ಡ ತಗಡಿನ ಡಬ್ಬಿ, ಮುಂದೆ ಒಂದು ಸಣ್ಣ ಗಾಜು, ಗಾಜಿನ ಕೆಳಗೆ ಜಿಗಿಯುವ ಜಿಂಕೆಯ ಚಿತ್ರದ ಕಾಗದ. ಒಳಗೆ ಅಂಗೈಯಗಲದ ದಪ್ಪ ಬಿಸ್ಕಿಟ್. ಪ್ರತಿಯೊಂದರ ಮೇಲೂ ಅದೇ ಜಿಂಕೆಯ ಅಚ್ಚು. ಬಡೇಸೋಪಿನ, ಅಂದರೆ ಸೋಂಪಿನ, ಪರಿಮಳ, ಮೊದಲು ಸಿಹಿ, ಆಮೇಲೆ ನಾಲಿಗೆಯ ತುದಿಗೆ ಸ್ವಲ್ಪ ಉಪ್ಪು.

ಬಜಾರಿನಲ್ಲಿ ಅದನ್ನು ಮಾರುತ್ತಿದ್ದದ್ದು ಒಂದೇ ಅಂಗಡಿ. ನಮ್ಮ ಕೇರಿಯವರು ಆ ಅಂಗಡಿಯ ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ನಿಂತು ದುಡ್ಡನ್ನು ಕಟ್ಟೆಯ ಅಂಚಿಗಿಡಬೇಕು. ಸಾಹುಕಾರ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದ. ನಮ್ಮವರಿಗೆ ಇಡೀ ಬಿಸ್ಕಿಟ್ ಕೊಡುವ ರೂಢಿ ಇರಲಿಲ್ಲ. ಡಬ್ಬಿಯ ತಳದಲ್ಲಿ ಉಳಿದ ಚೂರುಗಳನ್ನು ಬೇರೊಂದು ಮೊರದಲ್ಲಿ ತೆಗೆದಿಟ್ಟಿರುತ್ತಿದ್ದ. ಹತ್ತು ವರ್ಷದ ಆಯಿ ಲಂಗದ ಉಡಿಯೊಡ್ಡಿ ನಿಂತರೆ ಮೇಲಿನಿಂದ ಒಂದು ಹಿಡಿ ಚೂರು ಸುರಿಯುತ್ತಿದ್ದ. ಆಮೇಲೆ ಇನ್ನರ್ಧ ಹಿಡಿ ಕೊಸರು.

ಆ ಕೊಸರಿನ ಮಾತು ಬಂದಾಗ ಆಯಿಯ ದನಿ ಬದಲಾಗುತ್ತಿತ್ತು. ‘ಧರ್ಮಾತ್ಮ ಇದ್ದ. ಮಡಿ ಮಾಡ್ತಿದ್ದ ಖರೆ, ಆದ್ರ ಕೂಸಿನ ಉಡಿ ಎಂದೂ ಅರ್ಧ ಬಿಟ್ಟವನಲ್ಲ,’ ಅನ್ನುತ್ತಿದ್ದಳು. ಅವನು ಸತ್ತಾಗ ಹೆಣ ಹೊರಟ ದಾರಿಯಲ್ಲಿ ದೂರ ನಿಂತು ಅತ್ತಿದ್ದಳಂತೆ. ಚೂರುಗಳನ್ನು ಹಾಸುಗಲ್ಲಿನ ಮೇಲೆ ಹರಡಿ, ಒಂದರ ಪಕ್ಕ ಒಂದು ಜೋಡಿಸಿ, ಇಡೀ ಜಿಂಕೆ ಮಾಡಲು ನೋಡುತ್ತಿದ್ದಳಂತೆ. ಒಮ್ಮೆ ಕಾಲು ಸಿಗುತ್ತಿತ್ತು, ಒಮ್ಮೆ ಕೊಂಬು. ಪೂರ್ತಿ ಎಂದೂ ಆಗಲಿಲ್ಲ. ಆಮೇಲೆ ಮದುವೆ, ಕಾಲುವೆ ತೋಡುವ ಕೆಲಸ, ಆರು ಬಾಣಂತನ, ಬದುಕುಳಿದ ಇಬ್ಬರ ಹೊಟ್ಟೆ. ಬಿಸ್ಕಿಟು ಬಜಾರಿನಲ್ಲಿ ಇದ್ದೇ ಇರುತ್ತದೆ, ಎಂದಾದರೂ ಕೊಂಡರಾಯಿತು ಎಂದುಕೊಂಡಿದ್ದಳು.

ನಾನು ಶಾಲೆ ಬಿಟ್ಟು ಬರುವಾಗ ಎರಡು ಅಂಗಡಿ ಕೇಳಿದೆ. ಇಲ್ಲವೆಂದರು. ಸುದ್ದಿ ತಿಳಿದ ಆಯಿ ನಂಬಲಿಲ್ಲ. ‘ನಿನಗ ಕೇಳಾಕ ಬರಂಗಿಲ್ಲ, ನಾನ ಬರ್ತೀನಿ,’ ಎಂದು ಸೀರೆ ಬದಲಿಸಿದಳು.

ಹೀಗೆ ನಮ್ಮ ಹುಡುಕಾಟ ಶುರುವಾಯಿತು. ಮೊದಲು ಆ ಹಳೇ ಅಂಗಡಿಗೇ ಹೋದೆವು. ಈಗ ಅಲ್ಲಿ ಸಾಹುಕಾರನ ಮಗ ಕೂಡುತ್ತಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವನಿರಬಹುದು. ಅವನ ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ನಾನು ಮೆಟ್ಟಿಲು ಹತ್ತಿ ನಿಂತೆ. ಆಯಿ ಕೆಳಗೇ ನಿಂತಳು.

‘ಮ್ಯಾಲೆ ಬಾ ಆಯಿ,’ ಅಂದೆ.

‘ಇಲ್ಲೇ ಚೊಲೋ ಐತಿ. ಗಾಳಿ ಬರ್ತದ.’

ಅಂಗಡಿಯವನು ಎದ್ದು ನಮಸ್ಕಾರ ಮಾಡಿದ. ‘ಬರ್ರಿ ಅಕ್ಕೋರ. ಜಿಂಕಿ ಬಿಸ್ಕಿಟೇನ್ರಿ? ಅದು ಬರೂದು ಬಂದಾಗಿ ಎಂಟು ವರ್ಷ ಆತು. ಈಗ ಎಲ್ಲಾರೂ ಪಾಕೀಟು ಕೇಳ್ತಾರ. ಡಬ್ಬಿ ಒಡದ್ರ ಮಳಿಗಾಲದಾಗ ನಾಕು ದಿನಕ್ಕ ಮೆತ್ತಗಾಗ್ತದ. ಇಲಿ ಕಾಟ ಬ್ಯಾರೆ.’ ಹಳದಿ ಕಾಗದದ ಒಂದು ಗ್ಲೂಕೋಸ್ ಪೊಟ್ಟಣ ತೆಗೆದು ಆಯಿಗೆ ಬಾಗಿ ಕೊಡಲು ಹೋದ. ಆಯಿ ತೆಗೆದುಕೊಳ್ಳಲಿಲ್ಲ. ‘ನಿಮ್ಮಪ್ಪ ಭಾಳ ಒಳ್ಳೇವ ಇದ್ದ ನೋಡಪ್ಪ,’ ಎಂದಷ್ಟೇ ಹೇಳಿದಳು. ಅವನಿಗೆ ಖುಷಿಯಾಯಿತು. ನನಗೂ ಆಯಿತು, ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮಸ್ಕಿಯಲ್ಲಿ ಬಿಸ್ಕಿಟ್ ಇಡುವ ಒಂದು ಅಂಗಡಿಯನ್ನೂ ನಾವು ಬಿಡಲಿಲ್ಲ. ಆಯಿ ಎಲ್ಲ ಕಡೆಯೂ ಒಂದೇ ರೀತಿ ಕೇಳುತ್ತಿದ್ದಳು: ‘ಇಷ್ಟಗಲದ್ದು, ದಪ್ಪಂದು, ಬಡೇಸೋಪಿನ ವಾಸನಿ, ಮ್ಯಾಲ ಜಿಂಕಿ ಇರ್ತದ.’ ಹುಡುಗ ಪ್ರಾಯದ ಅಂಗಡಿಯವರು ನಕ್ಕರು. ಒಂದು ಪಾನ್ ಅಂಗಡಿಯಲ್ಲಿ ಜಿಂಕಿ ಡಬ್ಬಿಯೇ ಸಿಕ್ಕಿತು. ತುಕ್ಕು ಹಿಡಿದಿತ್ತು, ಕಾಗದ ಅರ್ಧ ಹರಿದಿತ್ತು, ಒಳಗೆ ಸುಣ್ಣದ ಪುಡಿ ತುಂಬಿಟ್ಟಿದ್ದ. ಆಯಿ ಆ ಡಬ್ಬಿಯ ಗಾಜಿಗೆ ಮೂಗು ಹಚ್ಚಿ ನೋಡಿದಳು. ನಾನು ಕೊಂಡುಕೊಡಲೇ ಎಂದರೆ, ‘ಡಬ್ಬಿ ತಗೊಂಡು ಏನ್ ಮಾಡ್ಲಿ?’ ಅಂದಳು.

ದಸರೆ ರಜೆಯಲ್ಲಿ ಸಿಂಧನೂರಿಗೆ ಹೋದೆವು. ಭತ್ತದ ದುಡ್ಡು ಓಡಾಡುವ ಊರು, ಅಲ್ಲಿ ಎಲ್ಲವೂ ಸಿಗುತ್ತದೆ ಎಂಬ ನಂಬಿಕೆ ನಮಗೆಲ್ಲ ಇತ್ತು. ಬಸ್ ಸ್ಟ್ಯಾಂಡಿನಿಂದ ಧಾನ್ಯದ ಸಗಟು ಮಾರುಕಟ್ಟೆಯಾದ ಗಂಜ್ ತನಕ ಎರಡೂ ಬದಿಯ ಕಿರಾಣಿ ಅಂಗಡಿಗಳನ್ನು ಕೇಳುತ್ತ ನಡೆದೆವು. ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪಿನ ಅಂಗಡಿಯೊಂದರಲ್ಲಿ ಒಬ್ಬ ಹೆಣ್ಣುಮಗಳು, ‘ಉಂದಮ್ಮಾ, ಇದೆ ಇದೆ,’ ಎಂದು ಜಿಂಕೆಯ ಚಿತ್ರವಿರುವ ಪೊಟ್ಟಣವನ್ನೇ ಕೊಟ್ಟಳು. ಅಲ್ಲೇ ಬಿಡಿಸಿದೆವು. ಜಿಂಕೆ ಕಾಗದದ ಮೇಲಷ್ಟೇ ಇತ್ತು. ಒಳಗೆ ತೆಳ್ಳಗಿನ, ತೂತು ತೂತಿನ ಉದ್ದ ಬಿಸ್ಕಿಟ್. ಆಯಿ ಒಂದನ್ನು ಮೂಗಿಗೆ ಹಿಡಿದಳು. ಆಮೇಲೆ ಹೆಬ್ಬೆರಳಿನಿಂದ ಒತ್ತಿ ಮುರಿದಳು. ‘ನೋಡು, ಪಟ್ ಅಂತ ಮುರೀತು. ಅದು ಹಿಂಗ ಮುರೀತಿದ್ದಿಲ್ಲ. ಮೊದ್ಲ ಜಗ್ಗಿ, ಆಮ್ಯಾಲ ಪುಡಿ ಉದುರ್ತಿತ್ತು,’ ಅಂದಳು. ಉಳಿದದ್ದನ್ನು ಆ ಅಂಗಡಿಯ ಮುಂದೆ ಆಡುತ್ತಿದ್ದ ಮಕ್ಕಳಿಗೆ ಕೊಟ್ಟುಬಿಟ್ಟಳು.

ಸಂಗತಿ ಏನೆಂದು ಬಿಡಿಸಿ ಹೇಳಿದವನು ಗಂಜಿನ ಒಬ್ಬ ಹೋಲ್‌ಸೇಲ್ ವ್ಯಾಪಾರಿ. ಬೀಡಿ, ಸಾಬೂನು, ಬಿಸ್ಕಿಟ್ ಮೂರನ್ನೂ ಸುತ್ತಲಿನ ಹಳ್ಳಿಗಳಿಗೆ ಹಾಕುತ್ತಿದ್ದ. ಗಿರಾಕಿ ಇಲ್ಲದ ಹೊತ್ತು, ಮಾತಿಗೆ ಕುಳಿತ.

‘ಡಬ್ಬಿ ಮಾಲು ಸತ್ತುಹೋತ್ರಿ ಅಕ್ಕೋರ. ನಂದೂ ಅದ ಏಜೆನ್ಸಿ ಇತ್ತು ಸ್ವಲ್ಪ ದಿನ. ಪಾಕೀಟಿನ ಮ್ಯಾಲ ರೇಟು ಛಾಪಿಸಿರ್ತದ, ತೂಕ ಹಾಕೂದಿಲ್ಲ, ಗಿರಾಕಿ ಕೂಡ ಜಗಳಿಲ್ಲ. ಹಳ್ಳಿ ಅಂಗಡ್ಯಾವ ಹನ್ನೆರಡು ತಗೊಂಡ್ರ ಒಂದು ಪುಕಟ. ದೊಡ್ಡ ಕಂಪನಿ ಗಾಡಿ ಪ್ರತಿ ವಾರ ಬಾಗಿಲಿಗೇ ಬರ್ತದ, ಮಾಲು ಇಟ್ಟು ಹೋಗ್ತದ, ರೊಕ್ಕ ಮುಂದಿನ ವಾರ. ಹಳೇ ಮಾಲು ಅವರ ವಾಪಸ್ ಒಯ್ತಾರ. ಜಿಂಕಿಯವರು ಏನ್ ಮಾಡ್ತಿದ್ರು? ಮೊದಲ ರೊಕ್ಕ ಕಳಸು, ಹತ್ತು ಡಬ್ಬಿ ಆದ್ರ ಲಾರಿಗೆ ಹಾಕ್ತೀವಿ ಅಂತಿದ್ರು. ಯಾರು ಕಾಯ್ತಾರ?’

‘ಬಿಸ್ಕಿಟು ಚೊಲೋ ಇತ್ತಲ್ಲಪ್ಪ,’ ಅಂದಳು ಆಯಿ.

‘ಚೊಲೋ ಇತ್ತಮ್ಮ. ಆದ್ರ ತಗಡಿನ ರೇಟು ಏರಿ ಏರಿ, ಕಡೀಕ ಒಳಗಿನ ಬಿಸ್ಕಿಟಿಗಿಂತ ಹೊರಗಿನ ಡಬ್ಬಿನ ತುಟ್ಟಿ ಆತು. ಖಾಲಿ ಡಬ್ಬಿ ವಾಪಸ್ ಕೊಡ್ರಿ ಅಂತ ಬೇಡ್ಕೊಂತಿದ್ರು. ಯಾರು ಕೊಡ್ತಾರ? ಮನ್ಯಾಗ ಜ್ವಾಳದ ಹಿಟ್ಟು ಹಾಕಿಕೊಂಡ್ರು.’

ಆಯಿ ಎದ್ದು ನಿಂತಳು. ಎಲ್ಲಾದರೂ ಒಂದು ಉಳಿದಿರಬಹುದೇ ಎಂದು ಮತ್ತೆ ಕೇಳಿದಳು. ವ್ಯಾಪಾರಿಗೆ ಅವಳ ಮೇಲೆ ಕನಿಕರ ಬಂದಿರಬೇಕು. ಲಿಂಗಸುಗೂರಿನಲ್ಲಿ ಒಬ್ಬ ಮುದುಕ ಇದ್ದಾನೆ, ಈ ಭಾಗದಲ್ಲೆಲ್ಲ ಜಿಂಕಿ ಕಂಪನಿಯ ಸೇಲ್ಸ್‌ಮನ್ ಆಗಿ ಬದುಕೆಲ್ಲ ಓಡಾಡಿದವನು, ಅವನಿಗೆ ಗೊತ್ತಿಲ್ಲದ್ದು ಯಾರಿಗೂ ಗೊತ್ತಿಲ್ಲ ಎಂದು ಹೇಳಿ, ಅವನ ಮನೆಯ ಗುರುತು ಹೇಳಿಕೊಟ್ಟ.

ಆಯಿಗೆ ಅಷ್ಟಕ್ಕೇ ಸಾಕಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ, ‘ಇರ್ಲಿ ಬಿಡು. ಹುಡುಕಿದಿವಿ, ಸಿಗಲಿಲ್ಲ,’ ಅಂದಳು. ಬಿಡಲಾರದವಳು ನಾನು. ಸಂಬಳ ತರುವ ಮೊಮ್ಮಗಳು ಕೇಳಿದ್ದನ್ನು ತಂದುಕೊಡಲಾರಳೇ ಎಂಬ ಹಟ ನನ್ನದು. ಮುಂದಿನ ತಿಂಗಳು ಲಿಂಗಸುಗೂರಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ನನ್ನ ಸೇವಾ ಪುಸ್ತಕದ ಕೆಲಸವಿತ್ತು. ಬಾ ಬಾ ಎಂದು ಒತ್ತಾಯ ಮಾಡಿ ಆಯಿಯನ್ನು ಕರೆದುಕೊಂಡು ಹೋದೆ.

ಸೇಲ್ಸ್‌ಮನ್ ಎಪ್ಪತ್ತು ದಾಟಿದವನು. ಬಿಳಿ ಪೈಜಾಮ, ಕಣ್ಣಿಗೆ ಆಪರೇಷನ್ ಆದ ದಪ್ಪ ಕನ್ನಡಕ. ನಾವು ಯಾವ ಊರಿನವರು, ಯಾವ ಕೇರಿಯವರು ಎಂದು ಕೇಳಲಿಲ್ಲ. ಜಿಂಕಿ ಬಿಸ್ಕಿಟ್ ಎಂಬ ಹೆಸರು ಕೇಳಿದ್ದೇ ತಡ, ಒಳಗೆ ಕರೆದು, ಆಯಿಯನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಸೊಸೆಗೆ ಚಹಾ ಮಾಡಲು ಹೇಳಿದ. ಆಯಿ ಕುರ್ಚಿಯ ತುದಿಯಲ್ಲಿ ಕುಳಿತಳು.

‘ಕಾರ್ಖಾನಿ ಇನ್ನೂ ಅದ್ರಿ,’ ಎಂದು ಅವನು ಶುರುಮಾಡಿದ. ‘ಅದ ಭಟ್ಟಿ, ಅದ ಜನ. ಆದ್ರ ಜಿಂಕಿ ಮಾಡಂಗಿಲ್ಲ. ಮಾಲಕರ ಮಕ್ಕಳು ದೊಡ್ಡ ಕಂಪನಿ ಕೂಡ ಕರಾರು ಮಾಡ್ಕೊಂಡಾರ. ಹಿಟ್ಟು, ಸಕ್ರಿ, ಕಾಗದ ಎಲ್ಲಾ ಆ ಕಂಪನೀದು. ಇವರು ಸುಟ್ಟು ತುಂಬಿ ಕೊಡ್ತಾರ, ಅವರ ಹೆಸರು ಹಾಕಿ ಮಾರ್ತಾರ. ನೀವು ಮಸ್ಕ್ಯಾಗ ತಿನ್ನೂ ಗ್ಲೂಕೋಸು ಇದ್ರೂ ಇರಬಹುದು. ಜಿಂಕಿ ಅಚ್ಚು ಇದ್ವಲ್ಲ, ಹಿತ್ತಾಳಿವು, ಅವನ್ನ ತೂಕಕ್ಕ ಹಾಕಿ ಮಾರಿಬಿಟ್ರು. ನಾ ಹೋಗಿದ್ದೆ ಆ ದಿನ.’

ಇನ್ನು ಸಿಗುವುದಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಆಯಿಗೆ ಅದರಿಂದ ಅಷ್ಟೇನೂ ದುಃಖವಾದಂತೆ ಕಾಣಲಿಲ್ಲ. ಅವಳಷ್ಟೇ ಪ್ರೀತಿಯಿಂದ ಆ ಬಿಸ್ಕಿಟಿನ ಮಾತಾಡುವ ಇನ್ನೊಬ್ಬ ಮನುಷ್ಯ ಸಿಕ್ಕಿದ್ದ. ಇಬ್ಬರೂ ರುಚಿಯ ಬಗ್ಗೆ ಮಾತಾಡಿದರು. ಬಡೇಸೋಪನ್ನು ಇಡಿಯಾಗಿ ಹಾಕುತ್ತಿರಲಿಲ್ಲ, ಹುರಿದು ಒಡೆದು ಹಾಕುತ್ತಿದ್ದರು ಎಂದು ಅವನು ಹೇಳಿದಾಗ ಆಯಿ, ‘ಹೌದು ನೋಡ್ರಿ, ಹಲ್ಲಿಗೆ ಸಿಗ್ತಿತ್ತು,’ ಎಂದು ಚಿಕ್ಕ ಹುಡುಗಿಯಂತೆ ನಕ್ಕಳು. ಆ ಸಂತೋಷದಲ್ಲೇ, ಚಹಾದ ಬಟ್ಟಲು ಹಿಡಿದುಕೊಂಡು, ತನ್ನ ಕಥೆ ಹೇಳಿದಳು. ನೀರು ಚಿಮುಕಿಸಿದ್ದನ್ನು ಬಿಟ್ಟಳು. ಉಡಿ, ಚೂರು, ಕೊಸರು ಅಷ್ಟನ್ನೇ ಹೇಳಿದಳು.

ಸೇಲ್ಸ್‌ಮನ್ ತಲೆ ಅಲ್ಲಾಡಿಸಿದ. ‘ಮಾರ್ತಿದ್ದಿಲ್ಲ ಬಿಡ್ರಿ. ಚೂರು ಮಾರೂ ಹಂಗ ಇದ್ದಿಲ್ಲ. ನಿಮಗ ನೆನಪು ತಪ್ಪೇದ.’

‘ಇಲ್ರಿ, ದುಡ್ಡು ಕೊಟ್ಟ ತಗೊಂಡೀನಿ.’

‘ಅದು ಹ್ಯಾಂಗ? ಗಾಡ್ಯಾಗ ಕುಲುಕಿ ಮುರೀತಿದ್ವು. ಅಂಗಡ್ಯಾವರು ಚೂರೆಲ್ಲಾ ತಗದು ಇಡಬೇಕು. ನಾ ಬಂದಾಗ ತೂಕ ಮಾಡಬೇಕು. ಎಷ್ಟು ಚೂರು ಇರ್ತದ, ಅಷ್ಟು ಹೊಸ ಮಾಲು ಕಂಪನಿ ಪುಕಟ ಕೊಡ್ತಿತ್ತು. ಆಮ್ಯಾಲ ಆ ಚೂರು ತೌಡಿನಾಗ ಕಲಿಸಿ ದನಕ್ಕ ಹಾಕಬೇಕು. ನನ್ನ ಎದುರಿಗೇ ಕಲಿಸಬೇಕಂತ ಕಂಪನಿ ಹುಕುಮು. ಆದ್ರ ನನಗೂ ಬಸ್ಸಿನ ಗಡಿಬಿಡಿ ಇರ್ತಿತ್ತು, ಹಾಕ್ರೆಪಾ ಅಂತ ಹೇಳಿ ಹೋಗಿಬಿಡ್ತಿದ್ದೆ.’

ಆಯಿ ಬಟ್ಟಲನ್ನು ಕೆಳಗಿಟ್ಟಳು. ‘ಎಲ್ಲಾ ಅಂಗಡಿಗೂ ಹಂಗ ಇತ್ತೇನ್ರಿ?’

‘ಎಲ್ಲಾ ಅಂಗಡಿಗೂ.’

‘ಮಸ್ಕಿ ಬಜಾರದಾಗಿನ ಅಂಗಡಿಗೂ?’

ಮುದುಕನಿಗೆ ಏನೂ ಅನುಮಾನವಿರಲಿಲ್ಲ. ಹಳೆಯದನ್ನು ನೆನೆಸಿಕೊಂಡು ನಕ್ಕ. ‘ಅವರದ ಎಲ್ಲಾರಕ್ಕಿಂತ ಹೆಚ್ಚು ಚೂರು ಬರ್ತಿತ್ತು. ಮಸ್ಕಿ ಸಾಹುಕಾರನ ಎಮ್ಮಿ ಭಾಳ ಶಾಣ್ಯಾ ಇದ್ದಾವ, ಬಿಸ್ಕಿಟ್ ಬಿಟ್ಟು ಬ್ಯಾರೆ ತಿನ್ನಂಗಿಲ್ಲ ಅಂತ ನಾವು ಆಫೀಸಿನಾಗ ಮಜಾಕ್ ಮಾಡ್ತಿದ್ವಿ.’

ನಾನು ಆಯಿಯ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಆಯಿ ಕುಡಿಯದ ಚಹಾ ತಣ್ಣಗಾಯಿತು. ಹೊರಡುವಾಗ ಅವಳು ಅವನಿಗೆ ಕೈಮುಗಿದಳು. ಅವನು ಬಾಗಿಲ ತನಕ ಬಂದು, ಇನ್ನೊಮ್ಮೆ ಬರ್ರಿ ಎಂದ. ತಾನು ಏನು ಹೇಳಿದೆ ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಮುದಗಲ್ ಕಡೆಯ ಬಸ್ಸುಗಳು ಹೋದವು, ನಮ್ಮ ಬಸ್ಸು ಬರಲಿಲ್ಲ. ನಿಲ್ದಾಣದ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತೆವು. ಬಸ್ಸು ಹತ್ತಿ, ಊರು ದಾಟಿದ ಮೇಲೆ ಆಯಿ ಮೊದಲ ಮಾತಾಡಿದಳು.

‘ಅವರ ಮನ್ಯಾಗ ಎಮ್ಮಿ ಇದ್ದಿದ್ದಿಲ್ಲ.’

ಕಿಟಕಿಯ ಸರಳು ಹಿಡಿದು ಮತ್ತೆ ಅಂದಳು:

‘ಹಾಲು ನಮ್ಮ ಓಣಿ ಮುಂದಿನ ಗೌಳ್ಯಾರ ಕೊಡ್ತಿದ್ರು. ಎಮ್ಮಿ ಇದ್ದಿದ್ದಿಲ್ಲ. ನಾವ ಇದ್ವಿ.’

ಹುಡುಗಿಯಾಗಿದ್ದಾಗ ಚೂರು ಕೊಳ್ಳುವ ದುಡ್ಡು ಅವಳಿಗೆ ಹೇಗೆ ಬರುತ್ತಿತ್ತು ಎಂದು ನನಗೆ ಗೊತ್ತಿತ್ತು. ಶೇಂಗಾ ಕಿತ್ತ ಹೊಲದಲ್ಲಿ ನೆಲ ಕೆದರಿ ಆಯ್ದ ಕಾಯಿ, ಬೇಸಿಗೆಯಲ್ಲಿ ಬಡಿದು ಮಾರಿದ ಸಗಣಿಯ ಕುಳ್ಳು. ಎರಡು ವಾರ ಕೂಡಿಟ್ಟರೆ ಒಂದು ಹಿಡಿ ಚೂರು. ಅಷ್ಟು ವರ್ಷ ಅವಳು ಧರ್ಮಾತ್ಮನೆಂದು ನೆನೆದವನು ಚೂರಿನ ಬೆಲೆಯನ್ನು ಕಂಪನಿಯಿಂದ ಒಮ್ಮೆ ತೆಗೆದುಕೊಂಡು, ದನಕ್ಕೆ ಹಾಕಬೇಕಾದದ್ದನ್ನು ಇವಳ ಉಡಿಗೆ ಹಾಕಿ, ಮತ್ತೊಮ್ಮೆ ತೆಗೆದುಕೊಂಡಿದ್ದ. ಮೇಲೆ ಕೊಸರು ಕೊಟ್ಟು ಹೆಸರು ಬೇರೆ ತೆಗೆದುಕೊಂಡ.

‘ಯಾರಿಗೂ ಹೇಳಬ್ಯಾಡ,’ ಎಂದು ಮನೆಯ ಬಾಗಿಲಲ್ಲಿ ಹೇಳಿದಳು. ನಾನು ಆಯಿತು ಅಂದೆ.

ಮೂರು ದಿನ ತಡೆದೆ. ನಾಲ್ಕನೆಯ ದಿನ ಶಾಲೆಯಿಂದ ನೇರವಾಗಿ ಅಂಗಡಿಗೆ ಹೋದೆ. ಸಾಹುಕಾರನ ಮಗನಿಗೆ ಎಲ್ಲ ಹೇಳಿದೆ. ಏನು ನಿರೀಕ್ಷೆ ಇತ್ತೋ ನನಗೂ ಸರಿಯಾಗಿ ಗೊತ್ತಿಲ್ಲ. ಅವನು ತಪ್ಪಾಯಿತು ಅನ್ನಲಿ, ಬಂದು ಆಯಿಗೆ ಒಂದು ಮಾತು ಹೇಳಲಿ, ಹೀಗೇನೋ. ಅವನು ಪೂರ್ತಿ ಕೇಳಿದ. ತಕ್ಕಡಿಯ ಸರಪಳಿ ಬಿಡಿಸುತ್ತ, ಗೌರವದ ದನಿಯಲ್ಲೇ ಹೇಳಿದ:

‘ನೀವು ಓದಿದವರು ಅಕ್ಕೋರ. ವಿಚಾರ ಮಾಡ್ರಿ. ಅವತ್ತು ನಮ್ಮಪ್ಪ ಅದನ್ನ ತೌಡಿನಾಗ ಕಲಿಸಿಬಿಟ್ಟಿದ್ರ ನಿಮ್ಮಾಯಿಗೆ ಬಿಸ್ಕಿಟಿನ ರುಚಿನ ಗೊತ್ತಾಗ್ತಿದ್ದಿಲ್ಲ. ಉಪಕಾರನ ಮಾಡ್ಯಾನ.’

ಕಟ್ಟೆಯ ಮೇಲೆ ಇನ್ನಿಬ್ಬರು ಗಿರಾಕಿಗಳಿದ್ದರು. ಒಬ್ಬ ಹೌದೆಂದು ತಲೆಯಾಡಿಸಿದ. ನಾನು ಕೆಳಗಿಳಿದು ಬಂದೆ.

ಆ ಇಬ್ಬರಲ್ಲಿ ಯಾರು ಹೇಳಿದರೋ, ಸಂಜೆಯೊಳಗೆ ಮಾತು ಕೇರಿಗೆ ಬಂದಿತ್ತು. ಆಯಿಯ ವಾರಿಗೆಯ ಮುದುಕಿಯರು, ಅವರೂ ಅದೇ ಚೂರು ತಿಂದು ಬೆಳೆದವರು, ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ಕುಳಿತು, ಖರೆ ಏನು ಎಂದು ಕೇಳಿದರು. ಆಯಿ ಪ್ರತಿಯೊಬ್ಬರಿಗೂ, ‘ಹುಡುಗಿ ಏನೋ ತಪ್ಪು ತಿಳ್ಕೊಂಡಾಳ, ಅಂಥಾದ್ದೇನಿಲ್ಲ,’ ಎಂದು ಹೇಳಿ ಕಳಿಸಿದಳು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದಳು.

‘ಬ್ಯಾಡ ಅಂದಿದ್ನಿ.’

‘ಸುಮ್ನ ಇರಾಕ ಆಗಲಿಲ್ಲ ಆಯಿ.’

‘ನಿನಗ ಆಗಲಿಲ್ಲ. ನನಗ ಆಗಿತ್ತು. ಈಗ ಈ ಮುದುಕ್ಯಾರಿಗೂ ಅದನ್ನ ತಿನಿಸಿದಿ. ಪಾಪ, ಅವರಿಗ್ಯಾಕ ಬೇಕಿತ್ತು?’

ಬೈಯಲಿಲ್ಲ. ದನಿ ಎತ್ತಲಿಲ್ಲ. ಅಷ್ಟು ಹೇಳಿ ಹೊರಳಿ ಮಲಗಿದಳು. ಆ ದಿನದಿಂದ ನನ್ನನ್ನು ಯಾವುದಕ್ಕೂ ಏನನ್ನೂ ಕೇಳಲಿಲ್ಲ. ಹಬ್ಬಕ್ಕೆ ನಾನು ಸೀರೆ ತಂದರೆ ಉಡುತ್ತಿದ್ದಳು, ಔಷಧಿ ತಂದರೆ ಕುಡಿಯುತ್ತಿದ್ದಳು, ತಾನಾಗಿ ಬೇಕು ಅನ್ನಲಿಲ್ಲ.

ನಾನು ಆ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಆಯಿ ಬಿಡಲಿಲ್ಲ. ಉಪ್ಪು, ಕಾರದಪುಡಿ, ಎಲೆ ಅಡಿಕೆ ಅಲ್ಲಿಂದಲೇ ತರುತ್ತಿದ್ದಳು. ನಾನೊಮ್ಮೆ ಸಿಟ್ಟಿನಿಂದ, ನಾಚಿಕೆ ಬರುವುದಿಲ್ಲವೇ ಎಂದು ಕೇಳಿಬಿಟ್ಟೆ. ‘ಉಳಿದ ಅಂಗಡ್ಯಾವರು ಏನ್ ಮಾಡ್ಯಾರಂತ ನಮಗೇನ್ ಗೊತ್ತದ? ಇವಂದಾದ್ರ ಗೊತ್ತಾಗೇದ,’ ಅಂದಳು.

ಇದಾದ ಮೇಲೆ ಅವಳು ಐದು ವರ್ಷ ಬದುಕಿದ್ದಳು. ನಮ್ಮ ಮನೆಯಲ್ಲಿ ಮಕ್ಕಳು ಹುಟ್ಟಿದವು, ಕಥೆ ಹೇಳು ಎಂದು ಅವಳ ಮೈಮೇಲೆ ಬಿದ್ದವು. ನರಿ, ಕಾಗೆ, ಏಳು ಮಂದಿ ಅಣ್ಣತಮ್ಮಂದಿರು, ಎಲ್ಲ ಹೇಳುತ್ತಿದ್ದಳು. ತನ್ನ ಹುಡುಗತನದ ಬಗ್ಗೆ ಅವು ಕೇಳಿದರೆ, ಅಂಥದ್ದೇನೂ ನೆನಪಿಲ್ಲ ಎಂದು ಹೇಳಿ ಬೇರೆ ಕಥೆ ಎತ್ತುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ನೋಟ್‌ಬುಕ್ ತಿದ್ದುತ್ತ ಕೇಳಿಸಿಕೊಳ್ಳುತ್ತಿದ್ದೆ, ಎದ್ದು ಹೋಗಿ ಏನಾದರೂ ಹೇಳುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.